ಲೆಕ್ಕ ತಪ್ಪುತ್ತಿದ್ದ ಮೀನಿನ ಅಕ್ಕ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಕಾರವಾರದ ಮಾರುಕಟ್ಟೆಯಲ್ಲಿ ಮೀನು ಮಾರುವ 48 ವರ್ಷದ ಹೆಂಗಸು. ಗಂಡ ಇಲ್ಲ, ಒಬ್ಬಳೇ ಮಗಳು ಮದುವೆಯಾಗಿ ಊರು ಬಿಟ್ಟಿದ್ದಾಳೆ. ಎಷ್ಟೋ ವರ್ಷಗಳಿಂದ ಎಚ್‌ಐವಿಗೆ ಕೊಡುವ ಎಆರ್‌ಟಿ ಮಾತ್ರೆ ತಪ್ಪಿಸಿದವರಲ್ಲ. ಈ ಸಲ ನಮ್ಮ ಎಆರ್‌ಟಿ ಕೇಂದ್ರಕ್ಕೆ ಹತ್ತು ದಿನ ತಡವಾಗಿ ಬಂದರು. 30 ಮಾತ್ರೆಯ ಡಬ್ಬಿಯಲ್ಲಿ 9 ಉಳಿದಿತ್ತು. ವೈರಲ್ ಲೋಡ್, ಅಂದರೆ ರಕ್ತದಲ್ಲಿನ ವೈರಸ್ ಪ್ರಮಾಣ, 2,300ಕ್ಕೆ ಏರಿತ್ತು.

ಅವರಿಗೆ ಚಿಂತೆ ಬೇರೆಯದೇ. "ಮೇಡಂ, ತಲೆಗೆ ಏನೋ ಆಗಿದೆ. ಚಿಲ್ಲರೆ ಜಾಸ್ತಿ ಕೊಟ್ಟುಬಿಡ್ತೇನೆ. ಗಿರಾಕಿನೇ ವಾಪಸ್ ಕೊಡ್ತಾರೆ" ಅಂದರು.

ಇಂಥ ಕಡೆ ಸುಮ್ನೆ 'ಟೆನ್ಷನ್' ಅಂತ ಬರೆದು ಕಳಿಸುವುದು ಸುಲಭ. ಆದರೆ ಮರೆವು ಖಿನ್ನತೆಯಿಂದಲೂ ಬರಬಹುದು, ಎಚ್‌ಐವಿ ಮಿದುಳಿಗೆ ಮಾಡಿದ ತೊಂದರೆಯಿಂದಲೂ ಬರಬಹುದು. ಅದಕ್ಕೇ ಎರಡನ್ನೂ ಒಂದೇ ದಿನ ನೋಡಿದೆವು.

ಮೊದಲು ಖಿನ್ನತೆ ಪತ್ತೆಗೆ ಪಿಎಚ್‌ಕ್ಯೂ-2, ಅಂದರೆ ಎರಡೇ ಪ್ರಶ್ನೆ. ಕಳೆದ ಎರಡು ವಾರದಲ್ಲಿ ಯಾವುದರಲ್ಲೂ ಆಸಕ್ತಿ ಇರಲಿಲ್ಲವಾ, ಮನಸ್ಸು ಕುಗ್ಗಿತ್ತಾ ಅಂತ. 6ಕ್ಕೆ 4 ಬಂತು. 3 ದಾಟಿದರೆ, ಅಥವಾ ಸರಿಯಾಗಿ 3 ಇದ್ದರೂ, ಪಿಎಚ್‌ಕ್ಯೂ-9ರ ಒಂಬತ್ತೂ ಪ್ರಶ್ನೆ ಕೇಳಬೇಕು. ಕೇಳಿದಾಗ 27ಕ್ಕೆ 14. ನಿದ್ದೆ, ಸುಸ್ತು, ಹಸಿವು ಮೂರೂ ಸೇರಿ 6 ಇತ್ತು. ಇವು ಎಚ್‌ಐವಿ ಕಾಯಿಲೆಯಿಂದಲೂ ಬರುತ್ತವೆ ಅಲ್ವಾ ಅಂತ ಡಾಕ್ಟರ್ ಕೇಳಿದರು, ನ್ಯಾಯವಾದ ಪ್ರಶ್ನೆಯೇ. ಆದರೆ ಅವನ್ನು ಬಿಟ್ಟರೂ ಆಸಕ್ತಿ ಇಲ್ಲ, ಬೇಸರ, 'ನಾನು ಯಾರಿಗೂ ಬೇಡದವಳು' ಅನ್ನುವುದು, ಇವು ಉಳಿದವು. ಅವನ್ನು ದೇಹದ ಮೇಲೆ ಹಾಕಲು ಬರುವುದಿಲ್ಲ.

ಸಾಯುವ ಯೋಚನೆ ಬರುತ್ತದಾ ಅನ್ನುವ ಒಂಬತ್ತನೇ ಪ್ರಶ್ನೆಗೆ 'ಕೆಲವು ದಿನ' ಅಂದಿದ್ದರು. ಒಟ್ಟು ಅಂಕ ಎಷ್ಟೇ ಇರಲಿ, ಅದಕ್ಕೆ ಶೂನ್ಯ ಬರದಿದ್ದರೆ ಆ ದಿನವೇ ಬಾಗಿಲು ಹಾಕಿ ಮಾತಾಡಬೇಕು. "ಅಕ್ಕಾ, ಜೀವಕ್ಕೆ ಏನಾದರೂ ಮಾಡಿಕೊಳ್ಳಬೇಕು ಅಂತ ಅನಿಸಿದೆಯಾ? ಹೇಗೆ ಅಂತ ಯೋಚಿಸಿದ್ದೀರಾ?" ಅಂತ ನೇರ ಕೇಳಿದೆ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಅನ್ನುವುದು ಸುಳ್ಳು. ಅವರು "ಸತ್ತರೆ ಒಳ್ಳೆಯದು ಅನಿಸುತ್ತೆ, ಮಾಡಿಕೊಳ್ಳೋದು ಇಲ್ಲ" ಅಂದರು. ಯೋಜನೆ ಇರಲಿಲ್ಲ, ಹಿಂದೆ ಪ್ರಯತ್ನವೂ ಇರಲಿಲ್ಲ. ಅವರ ಒಪ್ಪಿಗೆ ಕೇಳಿ ಮಗಳಿಗೆ ಫೋನ್ ಮಾಡಿಸಿದೆ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಅವರ ಮೊಬೈಲ್‌ನಲ್ಲಿ ಉಳಿಸಿಕೊಟ್ಟೆ. ಯೋಜನೆ ಇದ್ದಿದ್ದರೆ ಒಬ್ಬರೇ ಮನೆಗೆ ಹೋಗಲು ಬಿಡುತ್ತಿರಲಿಲ್ಲ.

ಆಮೇಲೆ ಎಚ್‌ಐವಿಯಿಂದ ಮಿದುಳಿಗೆ ತೊಂದರೆ ಆಗಿದೆಯಾ ಅಂತ ನೋಡುವ ಐಎಚ್‌ಡಿಎಸ್. ಓದು ಬರಹ ಬೇಡದ ಪರೀಕ್ಷೆ, ಕೈಗಡಿಯಾರ ಇದ್ದರೆ ಸಾಕು. ನಾಯಿ, ಟೋಪಿ, ಬೀನ್ಸ್, ಕೆಂಪು ಅಂತ ನಾಲ್ಕು ಪದ ಹೇಳಿ ಕೊಡಬೇಕು. ನಂತರ ರೂಢಿಯಲ್ಲದ ಕೈಯ ಹೆಬ್ಬೆರಳು, ತೋರುಬೆರಳನ್ನು 5 ಸೆಕೆಂಡ್ ಎಷ್ಟು ಬೇಗ ತಟ್ಟುತ್ತಾರೆ ಎಣಿಸಬೇಕು. ಅದೇ ಕೈಯನ್ನು ಮೇಜಿನ ಮೇಲೆ ಮುಷ್ಟಿ, ಚಪ್ಪಟೆ, ಅಂಚು ಅಂತ 10 ಸೆಕೆಂಡ್ ಬದಲಿಸಬೇಕು. ಕೊನೆಗೆ ಪದಗಳನ್ನು ಕೇಳಬೇಕು. ಇವರದು ತಟ್ಟಿದ್ದು 9 ಸಲ, 2 ಅಂಕ. ಕೈ ಬದಲಾವಣೆಗೆ 3. ಪದಗಳಲ್ಲಿ ಟೋಪಿ ನೆನಪಾಗಲಿಲ್ಲ, 'ತೊಡುವ ವಸ್ತು' ಅಂದಾಗ ಹೇಳಿದರು, ಅದಕ್ಕೆ ಅರ್ಧ. ಒಟ್ಟು 12ಕ್ಕೆ 8.5. 10 ಅಥವಾ ಕಡಿಮೆ ಬಂದರೆ ಮುಂದೆ ತಪಾಸಣೆ ಬೇಕು.

ಆದರೆ ಅವರು ತಟ್ಟಿದ ಎಡಗೈ ನೋಡಿದರೆ ತೋರುಬೆರಳು ಊದಿತ್ತು. ಮೀನಿನ ಮುಳ್ಳು ಚುಚ್ಚಿ ಕೀವು ಆಗಿತ್ತು. ಈ ಬೆರಳಿನಲ್ಲಿ ವೇಗವಾಗಿ ತಟ್ಟುವುದು ಎಲ್ಲಿಂದ? ಆ 2 ಅಂಕವನ್ನು ನಂಬದೆ ಬೆರಳಿನ ವಿಷಯ ಕಾರ್ಡಿನಲ್ಲಿ ಬರೆದಿಟ್ಟೆ. ಬಲಗೈಯಿಂದ ಮಾಡಿಸಿದರೆ ಆ 10ರ ಗೆರೆ ಹೊಂದುವುದಿಲ್ಲ. ಜೊತೆಗೆ ಖಿನ್ನತೆಯೇ ಮನುಷ್ಯನನ್ನು ನಿಧಾನ ಮಾಡುತ್ತದೆ. ಹಾಗಾಗಿ ಐಎಚ್‌ಡಿಎಸ್ ನೋಡಿ 'ಮಿದುಳಿನ ಕಾಯಿಲೆ' ಅಂತ ಹೇಳಲು ಹೋಗಬಾರದು, ಅದು ಜರಡಿ ಮಾತ್ರ.

ಡಾಕ್ಟರ್ ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ಸಿಫಿಲಿಸ್‌ಗೆ ವಿಡಿಆರ್‌ಎಲ್, ರೋಗನಿರೋಧಕ ಶಕ್ತಿ ನೋಡಲು ಸಿಡಿ4 ಮಾಡಿಸಿದರು. ಮದ್ಯ, ಬೇರೆ ಮಾತ್ರೆಗಳ ಬಗ್ಗೆಯೂ ಕೇಳಿದರು. ಎಲ್ಲ ಸರಿಯಿತ್ತು. ಜ್ವರ, ತಲೆನೋವು, ದಿಢೀರ್ ಗೊಂದಲ, ಒಂದು ಕಡೆ ಬಲಹೀನತೆ ಇದ್ದಿದ್ದರೆ ಈ ಪ್ರಶ್ನಾವಳಿಗಳೇ ಬೇಡ, ಆ ದಿನವೇ ದಾಖಲು. ಬೆರಳಿಗೆ ಔಷಧಿ ಆಯಿತು, ಖಿನ್ನತೆಗೆ ಸರ್ಟ್ರಾಲಿನ್ 25 ಮಿ.ಗ್ರಾಂನಲ್ಲಿ ಶುರು ಮಾಡಿ 50ಕ್ಕೆ ಏರಿಸಿದರು. ಅವರು ತೆಗೆದುಕೊಳ್ಳುವ ಎಚ್‌ಐವಿ ಮಾತ್ರೆ ಟಿಎಲ್‌ಡಿ ಜೊತೆ ಅದಕ್ಕೆ ಜಗಳ ಇಲ್ಲ. ಎಫಾವಿರೆನ್ಜ್ ಅನ್ನುವ ಇನ್ನೊಂದು ಎಚ್‌ಐವಿ ಔಷಧಿ ತೆಗೆದುಕೊಳ್ಳುವವರಾದರೆ ಬೇರೆ ಮಾತು, ಅದೇ ಮನಸ್ಸು ಕೆಡಿಸಬಹುದು.

ನನ್ನ ಸಲಹೆ ಚಿಕ್ಕದು. ಟಿಎಲ್‌ಡಿಯನ್ನು ರಾತ್ರಿಯಿಂದ ಬೆಳಗಿನ ಚಹಾದ ಹೊತ್ತಿಗೆ ಬದಲಿಸಿದೆವು, ಏಕೆಂದರೆ ಅದರಲ್ಲಿರುವ ಡೊಲುಟೆಗ್ರಾವಿರ್ ಕೆಲವರಿಗೆ ನಿದ್ದೆ ಕೆಡಿಸುತ್ತದೆ. ಮೀನು ತರಲು ಹೋಗುವ ದಿನ ಬೆಳಗಿನ ಚಹಾ ಬಂದರಿನಲ್ಲೇ, ಅದಕ್ಕೆ ಹೆಸರಿಲ್ಲದ ಚಿಕ್ಕ ಡಬ್ಬಿ ಸೆರಗಿನ ಚೀಲದಲ್ಲಿ. ಮಗಳಿಗೆ ವಾರಕ್ಕೆರಡು ಫೋನ್. ಹಣದ ಲೆಕ್ಕ ಕೆಲವು ವಾರ ಪಕ್ಕದ ಹೆಂಗಸಿಗೆ ಒಪ್ಪಿಸಲು ಹೇಳಿದೆ. ಕಾಯಿಲೆಯ ಮಾತು ಅಲ್ಲಿ ಬೇಡ, "ಕಣ್ಣು ಸರಿ ಇಲ್ಲ" ಅಂದರೆ ಸಾಕು.

ಎಂಟು ವಾರದ ನಂತರ ಪಿಎಚ್‌ಕ್ಯೂ-9 ಅಂಕ 4. ಬೆರಳು ಮಾಗಿ ಐಎಚ್‌ಡಿಎಸ್ 11. ಇದು 10 ಅಥವಾ ಅದರ ಕೆಳಗೇ ಉಳಿದಿದ್ದರೆ ನರರೋಗ ತಜ್ಞರ ಬಳಿ ಕಳಿಸುತ್ತಿದ್ದೆವು. ಖಿನ್ನತೆ ಇಳಿದರೂ ಲೆಕ್ಕ ತಪ್ಪುತ್ತಿದ್ದರೆ ಅದೇ ನಿಜವಾದ ಸೂಚನೆ. ಸರ್ಟ್ರಾಲಿನ್ ಇನ್ನೂ ಆರು ತಿಂಗಳಾದರೂ ನಿಲ್ಲಿಸಬಾರದು ಅಂತ ಡಾಕ್ಟರ್ ಹೇಳಿದ್ದಾರೆ. ಮಾತ್ರೆ ತಪ್ಪದೆ ಮೂರು ತಿಂಗಳು ಕಳೆದ ಮೇಲೆ ವೈರಲ್ ಲೋಡ್‌ಗೆ ರಕ್ತ ಕೊಡುತ್ತಾರೆ.