ನಾಲೆ ಕೆಲಸದವರಿಗೆ ಕೂಲಿಂಗ್ ವೆಸ್ಟ್ ಕೊಳ್ಳುವ ಮುನ್ನ

ಪ್ರಶ್ನೆ: ಮಂಡ್ಯದ ಹತ್ತಿರ ನಾಲೆ ಲೈನಿಂಗ್ ಕೆಲಸ ಹಿಡಿದಿದ್ದೇವೆ, 14 ಜನ ಕೂಲಿಯವರಿದ್ದಾರೆ. ಈ ಬಿಸಿಲಿಗೆ ಅವರಿಗೆ ಕೂಲಿಂಗ್ ಟವೆಲ್ ಕೊಡಿಸಲೋ, ಕೂಲಿಂಗ್ ವೆಸ್ಟ್ ಕೊಡಿಸಲೋ? ಸಡಿಲವಾದ ಹತ್ತಿ ಬಟ್ಟೆಯೇ ಸಾಕಾಗುತ್ತದೆಯೇ?

ಉತ್ತರ: ಮಂಡ್ಯ ಮತ್ತು ಪಾಂಡವಪುರದ ಕಡೆ ನಾಲೆಗೆ ನೀರು ನಿಲ್ಲಿಸಿದ ಬೇಸಿಗೆಗಳಲ್ಲಿ ನಾನು ಇದೇ ಕೆಲಸದ ಮೇಲ್ವಿಚಾರಣೆ ಮಾಡಿದ್ದೇನೆ. ಆ ಅನುಭವದಿಂದ ಹೇಳುವುದಾದರೆ, ಹದಿನಾಲ್ಕು ಜನರಿಗೂ ಮೊದಲು ಸಡಿಲವಾದ ತುಂಬುತೋಳಿನ ಹತ್ತಿ ಅಂಗಿಯನ್ನೂ ತಲಾ ಎರಡು ತೆಳು ಟವೆಲ್‌ಗಳನ್ನೂ ಕೊಡಿಸಿ. ವೆಸ್ಟ್ ಎಲ್ಲರಿಗೂ ಬೇಡ. ಅದು ಕೆಲವು ಕೆಲಸಗಳಿಗೆ, ಕೆಲವು ದಿನಗಳಲ್ಲಿ ಮಾತ್ರ ಉಪಯೋಗಕ್ಕೆ ಬರುತ್ತದೆ, ಮತ್ತು ನಿಮ್ಮಲ್ಲಿ ಕೆಲವರಿಗೆ ಅದನ್ನು ಕೊಡಲೇಬಾರದು.

ಕಾರಣ ಸರಳವಾಗಿದೆ. ಒಂದು ಲೀಟರ್ ನೀರು ಮೈಮೇಲೆ ಪೂರ್ತಿಯಾಗಿ ಆರಿದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಕೊಂಡೊಯ್ಯುತ್ತದೆ. ಬಾಂಡ್ಲಿ ಹೊತ್ತು ನಾಲೆಯ ಏರಿಯನ್ನು ಹತ್ತಿ ಇಳಿಯುವವನ ದೇಹದಲ್ಲಿ ಗಂಟೆಗೆ ಸುಮಾರು 350 ಕಿಲೋಕ್ಯಾಲರಿ ಶಾಖ ಹುಟ್ಟುತ್ತದೆ ಎಂದಿಟ್ಟುಕೊಂಡರೆ, ಅದನ್ನು ಹೊರಹಾಕಲು 600 ಮಿಲಿಲೀಟರ್ ಬೆವರು ಆರಬೇಕಾಗುತ್ತದೆ. ಹಿಂಡಿದ ಕೂಲಿಂಗ್ ಟವೆಲ್ಲಿನಲ್ಲಿ ಇರುವುದು ಹೆಚ್ಚೆಂದರೆ 200 ಮಿಲಿಲೀಟರ್ ನೀರು. ಅದು ಆರುವಾಗಲೂ ಶಾಖವೆಲ್ಲ ಮೈಯಿಂದಲೇ ಬರುವುದಿಲ್ಲ, ದೊಡ್ಡ ಪಾಲು ಸುತ್ತಲಿನ ಬಿಸಿಗಾಳಿಯಿಂದಲೇ ಬರುತ್ತದೆ. ಹಾಗಾಗಿ ಮೈಯನ್ನು ನಿಜವಾಗಿ ತಣ್ಣಗಿಡುವುದು ಬೆವರೇ ಹೊರತು ಟವೆಲ್ ಅಲ್ಲ, ಆ ಬೆವರು ಆರಲು ದಾರಿ ಬಿಡುವುದೇ ಅಂಗಿಯ ಕೆಲಸ. ಹಣೆಯಿಂದ ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ಯಾವ ಪ್ರಯೋಜನವೂ ಇಲ್ಲ.

ಅಂಗಿ ಅವರವರ ಅಳತೆಗಿಂತ ಎರಡು ಸೈಜು ದೊಡ್ಡದಾಗಿರಲಿ, ತಿಳಿಬಣ್ಣದ ತೆಳು ಹತ್ತಿಯದಾಗಿರಲಿ. ಮೈಗೂ ಬಟ್ಟೆಗೂ ನಡುವೆ ಬೆರಳಗಲದ ಜಾಗವಿದ್ದರೆ ಬಗ್ಗಿ ಏಳುವಾಗಲೆಲ್ಲ ಒಳಗಿನ ಹಬೆ ಕೊರಳಿನಿಂದಲೂ ಕೆಳಗಿನ ಅಂಚಿನಿಂದಲೂ ಹೊರಗೆ ಹೋಗಿ ಹೊಸ ಗಾಳಿ ಒಳಬರುತ್ತದೆ. ಬಿಸಿಲಿಗೆ ಬರಿಮೈಯಲ್ಲಿ ನಿಲ್ಲುವ ಹುಡುಗರು ತಮಗೆ ತಂಪಾಗಿದೆ ಎಂದುಕೊಳ್ಳುತ್ತಾರೆ, ಆದರೆ ಮೇಲಿನ ಸೂರ್ಯನ ಕಾವು ಮತ್ತು ಹೊಸ ಕಾಂಕ್ರೀಟಿನಿಂದ ಪುಟಿಯುವ ಕಾವು ಎರಡೂ ನೇರವಾಗಿ ಚರ್ಮಕ್ಕೆ ತಾಗುತ್ತವೆ. ಈ ವಿಷಯದಲ್ಲಿ ನಮ್ಮ ಹೆಣ್ಣಾಳುಗಳು ಮೊದಲಿನಿಂದಲೂ ಸರಿಯಾಗಿ ನಡೆದುಕೊಂಡಿದ್ದಾರೆ. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ಟವೆಲ್ ಸುತ್ತಿಕೊಳ್ಳುವ ಅವರ ಪದ್ಧತಿಗಿಂತ ಉತ್ತಮವಾದುದನ್ನು ನಾನು ಯಾವ ಅಂಗಡಿಯಲ್ಲೂ ಕಂಡಿಲ್ಲ. ಒಂದೇ ಎಚ್ಚರಿಕೆಯೆಂದರೆ, ಮಿಕ್ಸರ್ ಮತ್ತು ಕಂಬಿ ಕತ್ತರಿಸುವ ಯಂತ್ರದ ಬಳಿ ಇರುವವರು ತೋಳಿನ ಗುಂಡಿ ಹಾಕಿಕೊಂಡು, ಟವೆಲ್ಲಿನ ತುದಿಯನ್ನೂ ಸೆರಗನ್ನೂ ಅಂಗಿಯೊಳಗೆ ಸಿಕ್ಕಿಸಿಕೊಳ್ಳಬೇಕು. ತಿರುಗುವ ಯಂತ್ರಕ್ಕೆ ಸಡಿಲ ಬಟ್ಟೆ ಸಿಕ್ಕರೆ ಬಿಡಿಸಿಕೊಳ್ಳಲು ಸಮಯವಿರುವುದಿಲ್ಲ.

ಒದ್ದೆ ಬಟ್ಟೆ ಯಾವ ದಿನ ತಂಪು ಕೊಡುತ್ತದೆ ಎಂಬುದನ್ನು ಊಹೆಗೆ ಬಿಡಬೇಡಿ, ಅಳೆದು ನೋಡಿ. ಗೋಡೆಗೆ ತೂಗುಹಾಕುವಂಥ ಎರಡು ಸಾಧಾರಣ ಥರ್ಮಾಮೀಟರ್‌ಗಳನ್ನು ತನ್ನಿ. ಒಂದರ ಬುಡದ ಬಲ್ಬಿಗೆ ತೆಳುವಾದ ಹತ್ತಿ ಬಟ್ಟೆಯನ್ನು ಒಂದು ಸುತ್ತು ಸುತ್ತಿ ನೀರಿನಲ್ಲಿ ನೆನೆಸಿ, ಎರಡನ್ನೂ ನೆರಳಿನಲ್ಲಿ ಹಿಡಿದು ಐದು ನಿಮಿಷ ರಟ್ಟಿನಿಂದ ಬೀಸಿ. ಒದ್ದೆ ಥರ್ಮಾಮೀಟರ್ ಎಷ್ಟಕ್ಕೆ ಇಳಿದು ನಿಲ್ಲುತ್ತದೆಯೋ ಅದಕ್ಕಿಂತ ತಣ್ಣಗಾಗಲು ಜಗತ್ತಿನ ಯಾವ ಒದ್ದೆ ಟವೆಲ್ಲಿಗೂ ಸಾಧ್ಯವಿಲ್ಲ, ಅದರ ಪೊಟ್ಟಣದ ಮೇಲೆ ಏನು ಬರೆದಿದ್ದರೂ ಸರಿಯೇ. ಏಪ್ರಿಲ್ ಮೊದಲ ವಾರದ ಒಂದು ಮಧ್ಯಾಹ್ನ ನಮ್ಮಲ್ಲಿ ಒಣ ಥರ್ಮಾಮೀಟರ್ 38 ಡಿಗ್ರಿ ಇತ್ತು, ಒದ್ದೆಯದು 23. ಹದಿನೈದು ಡಿಗ್ರಿ ಅಂತರವಿದ್ದ ಆ ದಿನ ವೆಸ್ಟ್ ತೊಟ್ಟವರು ನಿಜಕ್ಕೂ ಹಗುರಾಗಿ ಕೆಲಸ ಮಾಡಿದರು. ಭರಣಿ ಮಳೆ ಬಿದ್ದ ಮರುದಿನ ಅದೇ ಹೊತ್ತಿಗೆ ಒಣದ್ದು 33, ಒದ್ದೆಯದು 27.5 ತೋರಿಸಿತು. ಬಿಸಿಲು ಕಡಿಮೆಯಾಗಿದೆ ಎಂದು ಎಲ್ಲರೂ ಸಮಾಧಾನಪಟ್ಟುಕೊಂಡಿದ್ದ ಆ ದಿನವೇ ಜನ ಹೆಚ್ಚು ಬಳಲಿದರು, ಏಕೆಂದರೆ ಗಾಳಿಯಲ್ಲಿ ತೇವ ತುಂಬಿದ್ದರಿಂದ ಬೆವರೂ ಆರಲಿಲ್ಲ, ವೆಸ್ಟೂ ಆರಲಿಲ್ಲ. ಅಂತರ ಹತ್ತು ಡಿಗ್ರಿಗಿಂತ ಹೆಚ್ಚಿದ್ದರೆ ವೆಸ್ಟ್ ತೊಡಿಸುತ್ತೇನೆ, ಐದಾರು ಡಿಗ್ರಿಗೆ ಇಳಿದರೆ ತೆಗೆಸಿಬಿಡುತ್ತೇನೆ. ಅಂಥ ದಿನ ಅದು ಮೈಮೇಲಿನ ಒಂದು ಕಿಲೋ ಹೊರೆ ಮಾತ್ರ, ಬೆವರಿನ ಹಬೆಯನ್ನೂ ಒಳಗೇ ಕಟ್ಟಿಹಾಕುತ್ತದೆ. ಥರ್ಮಾಮೀಟರನ್ನು ಏರಿಯ ಮೇಲಿಟ್ಟು ನೋಡಬೇಡಿ, ಜನ ಕೆಲಸ ಮಾಡುವ ನಾಲೆಯ ತಳದಲ್ಲಿಯೇ ನೋಡಿ. ಅಲ್ಲಿ ಗಾಳಿ ಆಡುವುದಿಲ್ಲ.

ಟವೆಲ್ಲಿನ ವಿಚಾರದಲ್ಲಿ ಹೆಚ್ಚು ಹೇಳುವುದಿಲ್ಲ. ಸ್ಪಂಜಿನಂತೆ ನೀರು ಹಿಡಿಯುವ, ಒಣಗಿದರೆ ರಟ್ಟಿನಂತೆ ಗಡುಸಾಗುವ ಬಗೆಯದು ಸಾಧಾರಣ ಹತ್ತಿ ಟವೆಲ್ಲಿಗಿಂತ ಹೆಚ್ಚು ಹೊತ್ತು ಒದ್ದೆಯಾಗಿರುತ್ತದೆ, ಅಷ್ಟೇ ವ್ಯತ್ಯಾಸ. ಪಕ್ಕದಲ್ಲಿ ನೀರಿನ ಡ್ರಮ್ ಇರುವ ಜಾಗದಲ್ಲಿ ಆ ಅನುಕೂಲಕ್ಕೆ ಹೆಚ್ಚು ಬೆಲೆ ಕೊಡಬೇಕಾಗಿಲ್ಲ. ಆದರೆ ಯಾವ ಟವೆಲ್ ಆದರೂ ಅದರಿಂದ ಆಗುವ ಒಂದು ಮೋಸವನ್ನು ನೀವು ತಿಳಿದಿರಲೇಬೇಕು. ಕುತ್ತಿಗೆಯ ಚರ್ಮ ತಂಪನ್ನು ಬಹಳ ಬೇಗ ಗ್ರಹಿಸುತ್ತದೆ, ಆದರೆ ಕುತ್ತಿಗೆ ತಣ್ಣಗಾದ ಮಾತ್ರಕ್ಕೆ ದೇಹದ ಒಳಗಿನ ತಾಪ ಇಳಿಯುವುದಿಲ್ಲ. ನಮ್ಮಲ್ಲಿಗೆ ಹೊಸದಾಗಿ ಬಂದ ಹುಡುಗನೊಬ್ಬ ಎರಡನೆಯ ದಿನ ಕುತ್ತಿಗೆಗೆ ಒದ್ದೆ ಟವೆಲ್ ಸುತ್ತಿಕೊಂಡು, 'ಅಣ್ಣಾ, ನಂಗೇನೂ ಆಗ್ತಿಲ್ಲ' ಎಂದು ಹನ್ನೊಂದು ಗಂಟೆಯ ಬಿಡುವಿನಲ್ಲೂ ಕೂರದೆ, ನೀರೂ ಕುಡಿಯದೆ ಸಲಿಕೆ ಹಿಡಿದಿದ್ದ. ಹನ್ನೆರಡೂವರೆಗೆ ಅವನ ಮೀನಖಂಡ ಹಿಡಿದುಕೊಂಡಿತು, ನಡೆದರೆ ತೂರಾಡತೊಡಗಿದ. ನೆರಳಿಗೆ ಎಳೆದು ಮೈತುಂಬ ನೀರು ಸುರಿದು ಬೀಸಿ, ಉಪ್ಪು ಬೆರೆಸಿದ ಮಜ್ಜಿಗೆ ಕುಡಿಸಿದ ಮೇಲೆ ಚೇತರಿಸಿಕೊಂಡ. ಕೇಳಿದ ಪ್ರಶ್ನೆಗೆ ಸರಿಯಾಗಿ ಉತ್ತರ ಕೊಡುತ್ತಿದ್ದುದರಿಂದ ಅಷ್ಟರಲ್ಲೇ ಮುಗಿಯಿತು. ಮಾತು ತಡವರಿಸಿದರೆ ಅಥವಾ ಎಲ್ಲಿದ್ದೇನೆಂಬ ಅರಿವು ತಪ್ಪಿದರೆ ಕುಡಿಸುವ ಪ್ರಯತ್ನ ಮಾಡದೆ, ನೀರು ಸುರಿದು ಬೀಸುವುದನ್ನು ನಿಲ್ಲಿಸದೆ 108ಕ್ಕೆ ಕರೆ ಮಾಡಬೇಕು. ಆ ದಿನದಿಂದ ನಾನು ಹೊಸಬರಿಗೆ ಮೊದಲ ದಿನ ಬಿಸಿಲಿನಲ್ಲಿ ಐದನೇ ಒಂದು ಪಾಲು ಕೆಲಸ ಕೊಟ್ಟು, ದಿನಕ್ಕೆ ಅಷ್ಟಷ್ಟೇ ಹೆಚ್ಚಿಸುತ್ತೇನೆ. ಟವೆಲ್ ನೆನೆಸಲು ಬಂದವರು ಅದೇ ಸಲಕ್ಕೆ ಒಂದು ಲೋಟ ನೀರು ಕುಡಿದೇ ಹೋಗಬೇಕೆಂಬ ನಿಯಮವನ್ನೂ ಮಾಡಿದ್ದೇನೆ. ಇಪ್ಪತ್ತು ನಿಮಿಷಕ್ಕೊಮ್ಮೆ ನೆನೆಸಿದರೆ, ಇಪ್ಪತ್ತು ನಿಮಿಷಕ್ಕೊಮ್ಮೆ ಕುಡಿದಂತೆಯೂ ಆಗುತ್ತದೆ.

ಇನ್ನು ವೆಸ್ಟ್. ನೀರಿನಲ್ಲಿ ಅದ್ದಿ ತೊಡುವ ಬಗೆಯದರಲ್ಲಿ ಎರಡು ಪದರಗಳ ನಡುವೆ ನೀರು ಹೀರಿ ಉಬ್ಬುವ ಹರಳುಗಳಿರುತ್ತವೆ. ಇವುಗಳ ಶತ್ರು ನಮ್ಮ ಬೋರ್‌ವೆಲ್ ನೀರು. ಗಡಸು ನೀರಿನ ಸುಣ್ಣದಂಶ ಸೇರಿದರೆ ಹರಳುಗಳು ಪೂರ್ತಿ ಉಬ್ಬುವುದಿಲ್ಲ, ಬೆವರಿನ ಉಪ್ಪೂ ಅದನ್ನೇ ಮಾಡುತ್ತದೆ. ಒಂದು ವಾರ ಬೋರ್ ನೀರಿನಲ್ಲಿ ಅದ್ದಿದ ನಮ್ಮ ವೆಸ್ಟ್ ಹೊಸದರಲ್ಲಿ ಹಿಡಿಯುತ್ತಿದ್ದಷ್ಟು ನೀರು ಹಿಡಿಯದಾಯಿತು. ಊರಿನ ಶುದ್ಧ ನೀರಿನ ಘಟಕದಿಂದ ಒಂದು ಕ್ಯಾನ್ ತಂದು ಅದರಲ್ಲೇ ಅದ್ದಿಸುವುದು ಒಳ್ಳೆಯದು. ಇನ್ನೊಂದು ಸಾಮಾನ್ಯ ತಪ್ಪೆಂದರೆ ವೆಸ್ಟಿನ ಮೇಲೆ ಹೊಳೆಯುವ ಪಟ್ಟಿಯ ಸುರಕ್ಷತಾ ಜಾಕೆಟ್ ತೊಡಿಸುವುದು. ಜಾಕೆಟ್ ದಟ್ಟ ಬಟ್ಟೆಯದಾದರೆ ನೀರು ಆರುವ ದಾರಿಯೇ ಮುಚ್ಚಿಹೋಗುತ್ತದೆ. ಜಾಕೆಟ್ ಬೇಕೇಬೇಕಾದರೆ ಬಲೆಯಂತಿರುವುದನ್ನು ಕೊಳ್ಳಿ.

ವೆಸ್ಟನ್ನು ಯಾರಿಗೆ ಕೊಡಬಾರದು ಎಂಬುದು ಅದಕ್ಕಿಂತ ಮುಖ್ಯ. ಸಿಮೆಂಟ್ ಮೂಟೆ ಹೊರುವವರಿಗೂ ಮಿಕ್ಸರಿಗೆ ಸಿಮೆಂಟ್ ಸುರಿಯುವವರಿಗೂ ಕೊಡಬೇಡಿ. ಒದ್ದೆ ಬಟ್ಟೆಯ ಮೇಲೆ ಕೂತ ಸಿಮೆಂಟಿನ ಧೂಳು ತೀಕ್ಷ್ಣವಾದ ಕ್ಷಾರವಾಗಿ ಚರ್ಮವನ್ನು ಸುಡುತ್ತದೆ, ಆ ಸುಟ್ಟಗಾಯ ಆಗಲೇ ನೋಯುವುದಿಲ್ಲ, ಗಂಟೆಗಳ ನಂತರ ಉರಿಯತೊಡಗುತ್ತದೆ. ನಮ್ಮಲ್ಲಿ ಒಬ್ಬರ ಹೆಗಲ ಮೇಲೆ ವೆಸ್ಟಿನ ಅಂಚಿನ ಗುರುತಿಗೆ ಸರಿಯಾಗಿ ಸಂಜೆ ಬೊಬ್ಬೆಗಳೆದ್ದಿದ್ದವು, ಮತ್ತು ಅದನ್ನು ತೊಡಿಸಿದವನು ನಾನೇ ಎಂಬ ನೋವು ಇನ್ನೂ ಇದೆ. ವೆಲ್ಡಿಂಗ್ ಮಾಡುವವರಿಗೂ ಒದ್ದೆ ವೆಸ್ಟ್ ಸಲ್ಲದು, ಕರೆಂಟ್ ಹೊಡೆಯುವ ಅಪಾಯ ಹೆಚ್ಚುತ್ತದೆ. ಹಾಗಾದರೆ ಉಳಿಯುವವರು ಏರಿಯ ಇಳಿಜಾರನ್ನು ಕೆತ್ತಿ ಮಟ್ಟ ಮಾಡುವವರು, ಕಲ್ಲು ಸಾಗಿಸುವವರು, ಕ್ಯೂರಿಂಗ್‌ಗೆ ನೀರು ಹಾಕುವವರು. ನಿಮ್ಮ ಹದಿನಾಲ್ಕರಲ್ಲಿ ಅವರು ಐದಾರು ಜನರಿರಬಹುದು.

ಕರಗುವ ಪ್ಯಾಕುಗಳನ್ನು ಜೇಬಿನಲ್ಲಿಟ್ಟು ತೊಡುವ ಇನ್ನೊಂದು ಬಗೆಯಿದೆ. ಅದು ಆರುವಿಕೆಯನ್ನು ನಂಬಿಲ್ಲವಾದ್ದರಿಂದ ಮಳೆ ಬಿದ್ದ ಮರುದಿನವೂ ತಂಪು ಕೊಡುತ್ತದೆ. ಆದರೆ ಎರಡು ಕಿಲೋ ಪ್ಯಾಕು ಕರಗಿ ಹೀರುವ ಶಾಖ ಸುಮಾರು 100 ಕಿಲೋಕ್ಯಾಲರಿ ಮಾತ್ರ. ಒಂದೆರಡು ಗಂಟೆಗೆ ಅದು ಮುಗಿದುಹೋಗುತ್ತದೆ, ಮತ್ತೆ ಗಟ್ಟಿಯಾಗಿಸಲು ಐಸ್ ಪೆಟ್ಟಿಗೆ ಬೇಕು. ನಾಲೆಯ ಕೆಲಸಕ್ಕೆ ನಾನು ಅದನ್ನು ಆರಿಸಿಕೊಳ್ಳುವುದಿಲ್ಲ.

ಐದಾರು ವೆಸ್ಟುಗಳನ್ನು ಒಟ್ಟಿಗೆ ಕೊಳ್ಳುವ ಬದಲು ಮೊದಲು ಎರಡನ್ನು ತನ್ನಿ. ಬಳಸುವವರ ಗುರುತಿಗೆ ಬೇರೆ ಬೇರೆ ಬಣ್ಣದ ದಾರ ಹೊಲಿಸಿ, ಏಕೆಂದರೆ ಒಬ್ಬರದನ್ನು ಇನ್ನೊಬ್ಬರು ತೊಟ್ಟರೆ ಹುಳುಕಡ್ಡಿ ಹರಡುತ್ತದೆ. ಒಳಗೆ ಒಣ ಹತ್ತಿ ಬನಿಯನ್ ಇಲ್ಲದೆ ತೊಡಿಸಬೇಡಿ, ಸಂಜೆ ತೊಳೆದು ನೆರಳಿನಲ್ಲಿ ಪೂರ್ತಿ ಆರಿಸಿ. ನೆನೆಸಿದ ಕೂಡಲೇ ತರಕಾರಿ ತಕ್ಕಡಿಯಲ್ಲಿ ತೂಗಿ, ಎರಡು ಗಂಟೆ ಕೆಲಸವಾದ ಮೇಲೆ ಮತ್ತೆ ತೂಗಿ. ನಮ್ಮದು ಒಣ ದಿನದಲ್ಲಿ 1,100 ಗ್ರಾಮಿನಿಂದ 600ಕ್ಕೆ ಇಳಿದಿತ್ತು, ಮಳೆಯ ಮರುದಿನ 950ರಲ್ಲೇ ನಿಂತಿತ್ತು. ನಿಮ್ಮ ನಾಲೆಯ ತಳದಲ್ಲಿ ಅರ್ಧ ಕಿಲೋದಷ್ಟು ನೀರು ಆರಿದರೆ ಉಳಿದ ನಾಲ್ಕನ್ನು ಧೈರ್ಯವಾಗಿ ಕೊಳ್ಳಿ, ಆರದಿದ್ದರೆ ಆ ಹಣಕ್ಕೆ ತಳದಲ್ಲಿ ಎರಡು ಕಡೆ ಹಸಿರು ನೆಟ್‌ನ ಚಪ್ಪರ ಹಾಕಿಸಿ, ಕೆಲಸವನ್ನು ಬೆಳಗಿನ ಆರು ಗಂಟೆಗೇ ಶುರು ಮಾಡಿ.