ಸ್ಪಾನ್ಸರ್‌ಗೆ ಲಿಸ್ಟ್ ಕೊಡೋಕ್ಮುಂಚೆ ಹೆಸರು, ಫೋನ್ ನಂಬರ್ ತೆಗೆದ್ರೆ ಸಾಕಾ?

ಪ್ರಶ್ನೆ: ಮೈಸೂರಲ್ಲಿ ನಾವು ಮಾಡಿದ ಡೆವಲಪರ್ ವರ್ಕ್‌ಶಾಪ್‌ಗೆ 180 ಜನ ಬಂದಿದ್ರು. ಈಗ ಸ್ಪಾನ್ಸರ್ ಲಿಸ್ಟ್ ಕೇಳ್ತಿದಾರೆ. ಹೆಸರು, ಫೋನ್, ಇಮೇಲ್ ಕಾಲಂ ಡಿಲೀಟ್ ಮಾಡಿ ಎಕ್ಸೆಲ್ ಕಳಿಸಿದ್ರೆ ಆಗತ್ತಾ?

ಸಾಲಲ್ಲ. ಇಂಥ ಕಾರ್ಯಕ್ರಮಗಳ ರಿಜಿಸ್ಟ್ರೇಷನ್ ನೋಡ್ಕೊಳ್ಳೋದು ನನ್ನ ಕೆಲಸ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳ್ತೀನಿ. ಹೆಸರು ತೆಗೆದ್ಮೇಲೂ ಊರು, ಕಂಪನಿ, ಹುದ್ದೆ, ಎಷ್ಟು ವರ್ಷದ ಅನುಭವ ಇವೆಲ್ಲ ಹಾಗೇ ಉಳಿದಿರತ್ತಲ್ಲ, ಅವು ಒಂದೊಂದೇ ಆದ್ರೆ ಏನೂ ಹೇಳಲ್ಲ, ನಾಲ್ಕೂ ಒಂದೇ ಸಾಲಲ್ಲಿ ಕೂತಾಗ ಮಾತ್ರ ಆ ಮನುಷ್ಯ ಯಾರು ಅಂತ ಹೇಳ್ಬಿಡತ್ತೆ. ಶಿವಮೊಗ್ಗದ ಸಣ್ಣ ಕಂಪನಿ, ಅಲ್ಲಿಂದ ಬಂದ ಟೆಕ್ ಹೆಡ್, 14 ವರ್ಷ ಅನುಭವ ಅಂತ ಒಂದು ಸಾಲಿದ್ರೆ ಸ್ಪಾನ್ಸರ್ ಕಡೆಯ ಸೇಲ್ಸ್ ಹುಡುಗ ಲಿಂಕ್ಡ್‌ಇನ್ ತೆಗೆದು ಎರಡು ನಿಮಿಷದಲ್ಲಿ ಹೆಸರು ಹುಡುಕ್ತಾನೆ.

ನಿಮ್ಮ ಶೀಟಲ್ಲಿ ಇಂಥೋರು ಎಷ್ಟಿದಾರೆ ಅಂತ ನೀವೇ ನೋಡ್ಬಹುದು. ಕಂಪನಿ ಬಿಟ್ಟು ಉಳಿದ ಮೂರನ್ನೇ ನೋಡೋಣ. ಊರು B, ಹುದ್ದೆ C, ಅನುಭವ D ಕಾಲಂನಲ್ಲಿದೆ ಅಂದ್ಕೊಳ್ಳಿ, ಪಕ್ಕದ ಖಾಲಿ ಕಾಲಂನ ಎರಡನೇ ಸಾಲಲ್ಲಿ ಇದನ್ನ ಹಾಕಿ ಕೆಳಗಿನವರೆಗೂ ಎಳೀರಿ:

```
=COUNTIFS(B:B,B2,C:C,C2,D:D,D2)
```

ಅದೇ ಮೂರು ವಿವರ ಇರೋರು ಒಟ್ಟು ಎಷ್ಟು ಜನ ಅಂತ ಪ್ರತಿ ಸಾಲಿಗೂ ಬರತ್ತೆ. 1 ಅಂತ ಬಂದ್ರೆ ಆ ಮನುಷ್ಯ ಒಬ್ಬರೇ, ಅಂದ್ರೆ ಸಿಕ್ಕಿಬಿದ್ರು ಅಂತಲೇ ಅರ್ಥ. ಮೊದಲ ಸಲ ಹಾಕಿದಾಗ 1ಗಳು ನೀವು ಅಂದ್ಕೊಂಡಿದ್ದಕ್ಕಿಂತ ಜಾಸ್ತಿನೇ ಬರತ್ತೆ, ಯಾಕಂದ್ರೆ ಅನುಭವನ 7, 8, 9 ಅಂತ ಬಿಡಿಬಿಡಿಯಾಗಿ ಬರೆದಿರ್ತಾರೆ. ಅದನ್ನ 0–3, 4–9, 10 ಅಥವಾ ಅದಕ್ಕಿಂತ ಜಾಸ್ತಿ ಅಂತ ಮೂರು ಗುಂಪು ಮಾಡಿ, ಹುದ್ದೆನೂ ಹಂಗೇ ಗುಂಪು ಮಾಡಿ, ಆಮೇಲೆ ಮತ್ತೆ ನೋಡಿ.

ಆದ್ರೆ ನನ್ನ ಅಭಿಪ್ರಾಯ ಕೇಳಿದ್ರೆ ಸ್ಪಾನ್ಸರ್‌ಗೆ ಸಾಲುಗಳನ್ನ ಕೊಡಲೇಬೇಡಿ, ಬರೀ ಎಣಿಕೆ ಕೊಡಿ. ಅವರಿಗೆ ಬೇಕಾಗಿರೋದು ಎಂಥ ಜನ ಬಂದಿದ್ರು ಅನ್ನೋದು, ಅದು ಎಣಿಕೆಯಲ್ಲೇ ಗೊತ್ತಾಗತ್ತೆ. ಅಲ್ಲೂ ಒಂದು ವಿಷಯ ನೋಡ್ಕೊಳ್ಳಿ. ಮೈಸೂರು 112, ಬೆಂಗಳೂರು 41, ಮಂಡ್ಯ 18, ಹಾಸನ 6, ಶಿವಮೊಗ್ಗ 3 ಅಂತ ಇದೆ ಅನ್ನಿ. 5ಕ್ಕಿಂತ ಕಡಿಮೆ ಇರೋದನ್ನ ತೋರಿಸಲ್ಲ ಅಂತ ಶಿವಮೊಗ್ಗದ ಮುಂದೆ ಒಂದು ಗೆರೆ ಹಾಕ್ತೀರಿ, ಆದ್ರೆ ಕೆಳಗೆ ಒಟ್ಟು 180 ಅಂತ ಬರೆದಿರ್ತೀರಿ, ಕಳೆದ್ರೆ 3 ಅಂತ ಬಂದ್ಬಿಡ್ತು. ಅದಕ್ಕೆ ಹಾಸನ, ಶಿವಮೊಗ್ಗ ಎರಡನ್ನೂ ಸೇರಿಸಿ ‘ಇತರೆ 9’ ಅಂತ ಹಾಕಿ. ಕಾರ್ಯಕ್ರಮಕ್ಕೆ ಮುಂಚೆ ಒಂದು ರಿಪೋರ್ಟ್, ಮುಗಿದ್ಮೇಲೆ ಇನ್ನೊಂದು ಕೊಡೋದಿದ್ರೂ ಅಷ್ಟೇ, ಎರಡನ್ನೂ ಪಕ್ಕಪಕ್ಕ ಇಟ್ಟು ಕಳೆದ್ರೆ ಕೊನೇಲಿ ಸೇರಿದ ಒಬ್ಬಿಬ್ಬರು ಎದ್ದು ಕಾಣ್ತಾರೆ.

ಕೆಲವು ಸ್ಪಾನ್ಸರ್‌ಗಳು ಫೋನ್ ನಂಬರ್ ಬೇಡ, ಹ್ಯಾಶ್ ಮಾಡಿ, ಅಂದ್ರೆ ಒಂದು ಸೂತ್ರದಿಂದ ಗುರುತು ಸಿಗದ ಕೋಡ್ ಆಗಿ ಬದಲಿಸಿ ಕೊಡಿ ಸಾಕು ಅಂತಾರೆ. ದಯವಿಟ್ಟು ಒಪ್ಪಬೇಡಿ. ನಮ್ಮ ಮೊಬೈಲ್ ನಂಬರ್ 10 ಅಂಕಿ, ಶುರುವಾಗೋದು 6ರಿಂದ 9ರೊಳಗೆ, ಅಂದ್ರೆ ಹೆಚ್ಚಂದ್ರೆ 400 ಕೋಟಿ ಸಾಧ್ಯತೆ. ಅಷ್ಟಕ್ಕೂ SHA-256 ಅನ್ನೋ ಹ್ಯಾಶ್ ಲೆಕ್ಕ ಹಾಕಿ ತಾಳೆ ನೋಡೋದು ಈಗಿನ ಕಂಪ್ಯೂಟರ್‌ಗೆ ದೊಡ್ಡ ಕೆಲಸವೇ ಅಲ್ಲ. ಅಷ್ಟೂ ಬೇಡ, ಅವರ ಹತ್ರ ಈಗಾಗಲೇ ಇರೋ ಗ್ರಾಹಕರ ನಂಬರ್‌ಗಳನ್ನ ಹ್ಯಾಶ್ ಮಾಡಿ ಹೋಲಿಸಿದ್ರೂ ನಿಮ್ಮ ಜನ ಸಿಕ್ಕಿಬಿಡ್ತಾರೆ.

ಇನ್ನು ಫೈಲ್ ಬಗ್ಗೆ. 2023ರ ಆಗಸ್ಟ್‌ನಲ್ಲಿ ಉತ್ತರ ಐರ್ಲೆಂಡ್ ಪೊಲೀಸರು ಒಂದು ಮಾಹಿತಿ ಅರ್ಜಿಗೆ ಉತ್ತರವಾಗಿ ಎಕ್ಸೆಲ್ ಫೈಲ್ ಬಿಡುಗಡೆ ಮಾಡಿದ್ರು, ಅದರೊಳಗೆ ಕಾಣದ ಹಾಗೆ ಮುಚ್ಚಿಟ್ಟಿದ್ದ ಒಂದು ಶೀಟಲ್ಲಿ 9,000ಕ್ಕೂ ಹೆಚ್ಚು ಸಿಬ್ಬಂದಿಯ ವಿವರ ಇತ್ತು. ಮರೆಮಾಡಿದ ಕಾಲಂ, ಶೀಟ್ ಇವೆಲ್ಲ ಫೈಲ್ ಜೊತೆಗೇ ಹೋಗತ್ತೆ. ಎಣಿಕೆ ತೆಗೆಯೋಕೆ ಬಳಸೋ ಪಿವಟ್ ಟೇಬಲ್ ಇನ್ನೂ ಮೋಸ, ಮೂಲ ಶೀಟ್ ಡಿಲೀಟ್ ಮಾಡಿದ್ರೂ ಅದರ ಡೇಟಾ ಒಳಗೆ ಉಳ್ಕೊಂಡಿರಬಹುದು, ಬೆಂಗಳೂರಿನ 41ರ ಮೇಲೆ ಡಬಲ್ ಕ್ಲಿಕ್ ಮಾಡಿದ್ರೆ ಆ 41 ಜನರ ಸಾಲುಗಳೂ ಹೊಸ ಶೀಟಲ್ಲಿ ತೆರ್ಕೊಳತ್ತೆ. ಅದಕ್ಕೆ ಎಣಿಕೆಗಳನ್ನ ಹೊಸ ಖಾಲಿ ಫೈಲ್‌ಗೆ ಕೈಯಲ್ಲೇ ಟೈಪ್ ಮಾಡಿ ಪಿಡಿಎಫ್ ಮಾಡಿ ಕಳಿಸಿ, ಹತ್ತು ಸಾಲು ತಾನೇ.

ಅವರು ಇಲ್ಲ, ನಮಗೆ ಜನರನ್ನ ನೇರವಾಗಿ ಸಂಪರ್ಕ ಮಾಡಬೇಕು ಅಂತ ಹಟ ಹಿಡಿದ್ರೆ ಅದು ಬೇರೆ ಲಿಸ್ಟ್, ಅದಕ್ಕೆ ಬೇರೆ ಒಪ್ಪಿಗೆ ಬೇಕು. 2023ರ ಡಿಪಿಡಿಪಿ ಅನ್ನೋ ವೈಯಕ್ತಿಕ ಡೇಟಾ ರಕ್ಷಣೆ ಕಾಯ್ದೆ ಪ್ರಕಾರ ಒಪ್ಪಿಗೆ ಅನ್ನೋದು ಹೇಳಿದ ಉದ್ದೇಶಕ್ಕೆ ಮಾತ್ರ, ಜನ ತಾವಾಗೇ ಸ್ಪಷ್ಟವಾಗಿ ಕೊಟ್ಟಿರಬೇಕು, ಮೊದಲೇ ಟಿಕ್ ಹಾಕಿಟ್ಟ ಬಾಕ್ಸ್ ನಡಿಯಲ್ಲ. ವರ್ಕ್‌ಶಾಪ್‌ಗೆ ಅಂತ ನಂಬರ್ ಕೊಟ್ಟೋರು ಸ್ಪಾನ್ಸರ್ ಕಾಲ್‌ಗೆ ಒಪ್ಪಿದ ಹಾಗಾಗಲ್ಲ. ಸ್ಪಾನ್ಸರ್ ಕೊಟ್ಟ ಫಾರ್ಮ್ ಲಿಂಕನ್ನ ನೀವೇ 180 ಜನಕ್ಕೂ ಮೇಲ್ ಮಾಡಿ, ಇಷ್ಟ ಇರೋರು ಅಲ್ಲಿ ನೇರವಾಗಿ ತುಂಬಲಿ, ಆಗ ನಿಮ್ಮ ಶೀಟ್ ನಿಮ್ಮ ಹತ್ರಾನೇ ಇರತ್ತೆ.