ನನಗೆ ನಾನೇ ಕಳಿಸಿಕೊಳ್ಳೋ ಚಾಟ್ ಅಚ್ಚುಕಟ್ಟಾಗಿ ಇಡೋದು ಹೇಗೆ?

"ವಾಟ್ಸಾಪ್‌ನಲ್ಲಿ ನನಗೆ ನಾನೇ ಮೆಸೇಜ್ ಕಳಿಸಿಕೊಂಡು ಅದನ್ನೇ ನೋಟ್‌ಬುಕ್ ಮಾಡ್ಕೊಂಡಿದೀನಿ. ಲಿಂಕ್, ಪಿಡಿಎಫ್, ರಿಮೈಂಡರ್ ಎಲ್ಲಾ ಅಲ್ಲೇ. ಇದನ್ನ ನೀಟಾಗಿ ಜೋಡಿಸೋದು ಹೇಗೆ?"

ಜೋಡಿಸೋದು ಆಮೇಲೆ. ಮೊದಲು ಫೈಲ್‌ಗಳನ್ನು ಅಲ್ಲಿಂದ ಹೊರಗೆ ತೆಗೆಯಿರಿ.

ನಾನೂ ಹೀಗೇ ಇದ್ದೆ. ಲ್ಯಾಪ್‌ಟಾಪ್ ಬಿಲ್ಲಿನ ಅಕ್ಷರ ಮಾಸಿಹೋಗುತ್ತೆ ಅಂತ ಸ್ಕ್ಯಾನ್ ಮಾಡಿ, ಸ್ಕ್ಯಾನ್ ಆ್ಯಪ್‌ನಿಂದ ನೇರವಾಗಿ ನನ್ನ ಚಾಟ್‌ಗೆ ಹಾಕಿದ್ದೆ. ಬೇರೆಲ್ಲೂ ಉಳಿಸಲಿಲ್ಲ. ಚಾಟ್‌ನಲ್ಲಿ ಇದೆಯಲ್ಲ, ಸಾಕು ಅಂದುಕೊಂಡೆ.

ಮುಂದೊಂದು ದಿನ ಫೋನ್ ತುಂಬಿತು. ಫೈಲ್ ಮ್ಯಾನೇಜರ್‌ನಲ್ಲಿ ವಾಟ್ಸಾಪ್‌ನ ಡಾಕ್ಯುಮೆಂಟ್ಸ್ ಫೋಲ್ಡರ್ ಒಳಗೆ `Sent` ಅಂತ ಇನ್ನೊಂದು ಫೋಲ್ಡರ್ ಕಾಣಿಸಿತು. ಬೇರೆಯವರಿಗೆ ಕಳಿಸಿದ್ದರ ನಕಲು ತಾನೇ, ಮೂಲ ನನ್ನ ಹತ್ತಿರ ಇದ್ದೇ ಇರುತ್ತೆ ಅಂತ ಪೂರ್ತಿ ಅಳಿಸಿಬಿಟ್ಟೆ. ಎಡವಟ್ಟಾಗಿದ್ದು ಇಲ್ಲೇ. ನಮಗೆ ನಾವೇ ಕಳಿಸಿಕೊಂಡಾಗಲೂ ಕಳಿಸುವವರು ನಾವೇ ಅಲ್ವಾ? ಹಾಗಾಗಿ ಆ ಫೈಲ್‌ಗಳೂ ಅದೇ `Sent` ಒಳಗೆ ಕೂರುತ್ತವೆ. ಚಾಟ್‌ನಲ್ಲಿ ಕಾಣೋದು ಬರೀ ಹೆಸರು ಮತ್ತು ಪುಟ್ಟ ಚಿತ್ರ. ಫೈಲ್ ಇರೋದು ಫೋನಿನ ಫೋಲ್ಡರ್‌ನಲ್ಲಿ. ವಾಟ್ಸಾಪ್ ಅದನ್ನು ತನ್ನ ಸರ್ವರ್‌ನಲ್ಲಿ ಕಾಯಂ ಆಗಿ ಇಟ್ಟುಕೊಳ್ಳುವುದಿಲ್ಲ.

ಲ್ಯಾಪ್‌ಟಾಪ್ ಕೆಟ್ಟಿತು, ವಾರಂಟಿಗೆ ಬಿಲ್ ಕೇಳಿದರು. ಚಾಟ್ ತೆರೆದೆ, ಬಿಲ್ ಅಲ್ಲೇ ಇತ್ತು. ಒತ್ತಿದರೆ ಫೈಲ್ ಇಲ್ಲ ಅಂತ ಬಂತು. ಬ್ಯಾಕಪ್ ನೆನಪಾಯಿತು. ಆದರೆ ಡ್ರೈವ್‌ನಲ್ಲಿ ಹೊಸ ಬ್ಯಾಕಪ್ ಹಳೆಯದರ ಮೇಲೆಯೇ ಬರೆಯುತ್ತೆ. ನಾನು ಅಳಿಸಿದ ಮೇಲೆ ತಾನಾಗಿ ಎಷ್ಟೋ ಬ್ಯಾಕಪ್ ಆಗಿತ್ತು, ಅದರಲ್ಲೂ ಬಿಲ್ ಇರಲಿಲ್ಲ. ರಿಪೇರಿಯ ಪೂರ್ತಿ ದುಡ್ಡು ಕೈಯಿಂದಲೇ ಹೋಯಿತು.

ಲಿಂಕ್, ಸಣ್ಣ ಟಿಪ್ಪಣಿ ಅಲ್ಲೇ ಇರಲಿ, ಅದಕ್ಕೆ ಆ ಚಾಟ್ ಚೆನ್ನಾಗೇ ಇದೆ. ಆದರೆ ಸುಮ್ನೆ ಲಿಂಕ್ ಅಂಟಿಸಬೇಡಿ. ಹುಡುಕುವಾಗ ನಿಮ್ಮ ತಲೆಗೆ ಯಾವ ಪದ ಬರುತ್ತೋ ಅದನ್ನು ಅದೇ ಮೆಸೇಜ್‌ನಲ್ಲಿ ಜೊತೆಗೆ ಬರೆಯಿರಿ. "ನಲ್ಲಿ ಸೋರಿಕೆ ವಾಷರ್ ಬದಲಾಯಿಸೋದು" ಅಂತ ಬರೆದಿದ್ದರೆ ವರ್ಷ ಬಿಟ್ಟು ಹುಡುಕಿದರೂ ಸಿಗುತ್ತೆ. ಬರೀ ವಿಡಿಯೊ ಕೊಂಡಿಯಲ್ಲಿ ಇರೋದು ಅರ್ಥವಿಲ್ಲದ ಅಕ್ಷರಗಳು, ಅದನ್ನು ಏನಂತ ಹುಡುಕುತ್ತೀರಿ?

ರಿಮೈಂಡರ್ ಮಾತ್ರ ಅಲ್ಲಿ ಬೇಡವೇ ಬೇಡ. ನಿಮಗೆ ನೀವೇ ಬರೆದ ಮೆಸೇಜ್ ತಾನಾಗಿ ಹೊತ್ತಿಗೆ ಸರಿಯಾಗಿ ಸದ್ದು ಮಾಡಲ್ಲ. ಚಾಟ್‌ನಲ್ಲೇ ಬೇಕು ಅನ್ನೋ ಹಟ ಇದ್ದರೆ ಟೆಲಿಗ್ರಾಂನ `Saved Messages` ನೋಡಿ. ಅಲ್ಲಿ ಕಳಿಸುವ ಗುಂಡಿಯನ್ನು ಒತ್ತಿ ಹಿಡಿದರೆ ಸಮಯ ಹಾಕಬಹುದು. ಫೈಲ್‌ಗಳೂ ಅವರ ಸರ್ವರ್‌ನಲ್ಲಿ ಇರುತ್ತವೆ. ನಾನಂತೂ ಕ್ಯಾಲೆಂಡರ್‌ಗೇ ಹಾಕುತ್ತೇನೆ.

ಈಗ ಒಂದು ಕೆಲಸ ಮಾಡಿ. ಚಾಟ್‌ನ ಮೇಲಿರುವ ನಿಮ್ಮ ಹೆಸರನ್ನು ಒತ್ತಿ, ಡಾಕ್ಯುಮೆಂಟ್‌ಗಳ ಪಟ್ಟಿಗೆ ಹೋಗಿ, ಎಲ್ಲಕ್ಕಿಂತ ಹಳೆಯ ಫೈಲ್ ತೆರೆಯಿರಿ. ತೆರೆದರೆ ಇವತ್ತೇ ಡ್ರೈವ್‌ಗೋ ಕಂಪ್ಯೂಟರ್‌ಗೋ ನಕಲು ಮಾಡಿಕೊಳ್ಳಿ. ತೆರೆಯದಿದ್ದರೆ ಉಳಿದವನ್ನೂ ಒಂದೊಂದಾಗಿ ನೋಡಿ, ಯಾವುದರ ಮೂಲವನ್ನು ಮತ್ತೆ ಕೇಳಿ ಪಡೆಯಬೇಕು ಅನ್ನೋದು ಗೊತ್ತಾಗುತ್ತೆ.